ಕಾಲುರಿಯ ಗುಳಿಗೆ, ಕಿಡ್ನಿಯ ಲೆಕ್ಕ

ಬೇಸಿಗೆಯ ಒಂದು ಮಧ್ಯಾಹ್ನ ಆಳಂದ ಕಡೆಯ ಹಳ್ಳಿಯಿಂದ ಒಬ್ಬ ಮಗ ತನ್ನ ಅವ್ವನನ್ನು ಕರೆದುಕೊಂಡು ಕಲಬುರಗಿಯ ನಮ್ಮ ಮೆಡಿಕಲ್ ಅಂಗಡಿಗೆ ಬಂದಿದ್ದ. ಅವ್ವ ಅವನ ಭುಜ ಬಿಡುತ್ತಿರಲಿಲ್ಲ. ಎರಡೇ ಮೆಟ್ಟಿಲು ಹತ್ತುವುದರಲ್ಲಿ ಮೂರು ಸಲ ನಿಂತರು. "ನಾಕ್ ದಿನ ಆಯ್ತ್ರಿ ಅಣ್ಣಾರ, ತಲಿ ಗಿರಗಿರ ತಿರಗ್ತದ ಅಂತಾಳ. ಸಕ್ಕರಿ ಕಮ್ಮಿ ಆಗ್ಯದೇನು ನೋಡ್ರಿ" ಅಂದ.

ಸಕ್ಕರೆ ಕಾಯಿಲೆಯವರಿಗೆ ತಲೆ ಸುತ್ತಿದರೆ ಮೊದಲು ನೋಡಬೇಕಾದ್ದು ಅದನ್ನೇ. 70ಕ್ಕಿಂತ ಕೆಳಗೆ ಇದ್ದರೆ ತಕ್ಷಣ ಸಕ್ಕರೆ ನೀರು ಕೊಡಬೇಕು. ಅವ್ವನದು 148 ಇತ್ತು. ಹಾಗಾಗಿ ಗುಳಿಗೆ ಚೀಲ ತೆಗೆಸಿದೆ.

ಮೊದಲ ಕೆಲಸ: ಸ್ಟ್ರಿಪ್‌ನ ಹಿಂಬದಿ ಓದಿ

ಚೀಲದಲ್ಲಿ ಒಂದು "ನರದ ತಾಕತ್ತಿನ ಗುಳಿಗಿ" ಇತ್ತು. ಪಾದದ ಉರಿ, ಜೋಮಿಗೆ ಬರೆದುಕೊಟ್ಟದ್ದು. ದಿನಕ್ಕೆ ಎರಡು. ಮುಂದೆ ದೊಡ್ಡ ಅಕ್ಷರದಲ್ಲಿ ಕಂಪನಿ ಇಟ್ಟ ಹೆಸರು, ಹಿಂದೆ ಸಣ್ಣ ಅಕ್ಷರದಲ್ಲಿ ಎರಡು ಔಷಧಿ: ಮಿಥೈಲ್‌ಕೋಬಾಲಮಿನ್ ಮತ್ತು ಪ್ರಿಗ್ಯಾಬಾಲಿನ್ 75 ಮಿಲಿಗ್ರಾಂ. ಮೊದಲನೆಯದು ಬಿ12 ವಿಟಮಿನ್. ಎರಡನೆಯದು ಮಿದುಳು ಮತ್ತು ನರದ ಮೇಲೆ ಕೆಲಸ ಮಾಡುವ ಔಷಧಿ. ನೋವಿನ ಸಂದೇಶ ತಗ್ಗಿಸುವಾಗಲೇ ಎಚ್ಚರ, ಸಮತೋಲನ, ಕಣ್ಣಿನ ಸ್ಪಷ್ಟತೆಯನ್ನೂ ಅದು ತಗ್ಗಿಸುತ್ತದೆ. ನಮ್ಮ ಕಡೆ ಇದನ್ನು ಬರೀ ವಿಟಮಿನ್ ಅಂತ ತಿಳಿದು ನುಂಗುವವರು ತುಂಬಾ ಜನ. ನನಗೆ ಅತಿ ಹೆಚ್ಚು ಚಿಂತೆ ಹಚ್ಚುವುದೂ ಇದೇ.

ಗ್ಯಾಬಾಪೆಂಟಿನ್ ಇದರ ಅಣ್ಣನಿದ್ದಂತೆ. ಅದು ಹೆಚ್ಚಾಗಿ ನಾರ್‌ಟ್ರಿಪ್ಟಿಲಿನ್ ಜೊತೆ ಸೇರಿ ಬರುತ್ತದೆ. ನಾರ್‌ಟ್ರಿಪ್ಟಿಲಿನ್ ಕೂಡ ಮಂಪರು ತರುತ್ತದೆ. ಸಕ್ಕರೆ ಡಾಕ್ಟರ್ ಒಂದು, ಮೂಳೆ ಡಾಕ್ಟರ್ ಇನ್ನೊಂದು ಬರೆದು, ಎರಡೂ ಒಟ್ಟಿಗೆ ಹೊಟ್ಟೆಗೆ ಹೋಗುವುದುಂಟು. ಸ್ಟ್ರಿಪ್ ಓದಿದರೆ ಅದು ಗೊತ್ತಾಗುತ್ತದೆ.

ಗುಳಿಗೆ ಶುರು ಮಾಡಿದ ಮೊದಲ ದಿನಗಳಲ್ಲಿ ಅಥವಾ ಡೋಸ್ ಏರಿಸಿದಾಗ ಸ್ವಲ್ಪ ತಲೆ ಸುತ್ತುವುದು ಸಾಮಾನ್ಯ. ಹೆಚ್ಚಿನವರಿಗೆ ಬರಬರುತ್ತಾ ಕಡಿಮೆಯಾಗುತ್ತದೆ. ಆದರೆ ಅವ್ವನಿಗೆ ದಿನದಿಂದ ದಿನಕ್ಕೆ ಜಾಸ್ತಿ ಆಗಿತ್ತು. ಮಾತು ತೊದಲುತ್ತಿತ್ತು. ಹಗಲಲ್ಲೂ ಕೂತಲ್ಲೇ ತೂಕಡಿಸುತ್ತಿದ್ದರು. ಔಷಧಿ ಮೈಯೊಳಗೆ ಕೂಡಿಕೊಳ್ಳುತ್ತಿದೆ ಅನ್ನುವುದಕ್ಕೆ ಇದು ಗುರುತು.

ಎರಡನೆಯದು: ಕ್ರಿಯಾಟಿನಿನ್ ಒಂದನ್ನೇ ನಂಬಬೇಡಿ

ಬಹಳ ಔಷಧಿಗಳನ್ನು ಲಿವರ್ ಮುರಿದು ಹಾಕುತ್ತದೆ. ಪ್ರಿಗ್ಯಾಬಾಲಿನ್, ಗ್ಯಾಬಾಪೆಂಟಿನ್ ಇವೆರಡನ್ನು ಮುರಿಯುವುದಿಲ್ಲ. ಒಳಗೆ ಹೋದದ್ದು ಹೆಚ್ಚೂಕಡಿಮೆ ಹಾಗೇ ಮೂತ್ರದಲ್ಲಿ ಹೊರಗೆ ಬರಬೇಕು. ಕಿಡ್ನಿ ಚೆನ್ನಾಗಿದ್ದರೆ ರಕ್ತದಲ್ಲಿದ್ದ ಗ್ಯಾಬಾಪೆಂಟಿನ್ ಅರ್ಧಕ್ಕೆ ಇಳಿಯಲು 5ರಿಂದ 7 ತಾಸು ಸಾಕು. ಕಿಡ್ನಿ ತೀರಾ ಸೋತವರಲ್ಲಿ ಅದಕ್ಕೇ ಎರಡು ದಿನ ದಾಟಬಹುದು. ಅಂದರೆ ಬೆಳಗಿನದು ಹೋಗುವ ಮೊದಲೇ ರಾತ್ರಿಯದು, ಅದರ ಮೇಲೆ ಮರುದಿನದ್ದು ಬಂದು ಕೂರುತ್ತದೆ.

ಕ್ರಿಯಾಟಿನಿನ್ ಅಂದರೆ ಕಿಡ್ನಿ ರಕ್ತದಿಂದ ಸೋಸಿ ಹೊರಹಾಕಬೇಕಾದ ಕಸ. ಅವ್ವನ ರಿಪೋರ್ಟ್‌ನಲ್ಲಿ ಅದು 1.5 ಇತ್ತು. "ಸ್ವಲ್ಪ ಅದ ಅಂದಾರ್ರಿ" ಅಂದ ಮಗ. ನೋಡಲು ಹೌದು, ಸ್ವಲ್ಪವೇ. ಆದರೆ ಕ್ರಿಯಾಟಿನಿನ್ ಬರುವುದು ಸ್ನಾಯುವಿನಿಂದ. ಒಣಗಿದ ಮೈಯ ಮುದುಕಿಯಲ್ಲಿ ಸ್ನಾಯು ಕಡಿಮೆ, ಹಾಗಾಗಿ ಕಿಡ್ನಿ ಎಷ್ಟೋ ಸೋತಿದ್ದರೂ ಸಂಖ್ಯೆ ಸಣ್ಣದೇ ಕಾಣುತ್ತದೆ. ಅದಕ್ಕೆ ವಯಸ್ಸು ಮತ್ತು ತೂಕ ಸೇರಿಸಿ ಲೆಕ್ಕ ಹಾಕಬೇಕು.

140ರಲ್ಲಿ ವಯಸ್ಸು ಕಳೆಯಿರಿ. ಬಂದದ್ದನ್ನು ತೂಕದಿಂದ ಗುಣಿಸಿ. ಕ್ರಿಯಾಟಿನಿನ್ನನ್ನು 72ರಿಂದ ಗುಣಿಸಿ, ಬಂದ ಸಂಖ್ಯೆಯಿಂದ ಮೊದಲಿನದನ್ನು ಭಾಗಿಸಿ. ಹೆಂಗಸರಾದರೆ ಕೊನೆಗೆ 0.85ರಿಂದ ಗುಣಿಸಿ.

ಅವ್ವನಿಗೆ 70 ವರ್ಷ, 48 ಕಿಲೋ. 140ರಲ್ಲಿ 70 ಹೋದರೆ 70. ಅದನ್ನು 48ರಿಂದ ಗುಣಿಸಿದರೆ 3360. ಇತ್ತ 1.5ನ್ನು 72ರಿಂದ ಗುಣಿಸಿದರೆ 108. ಭಾಗಿಸಿದರೆ 31, ಹೆಂಗಸರ ಲೆಕ್ಕಕ್ಕೆ ಇಳಿಸಿದರೆ ಸುಮಾರು 26. ಅದೇ 1.5 ಕ್ರಿಯಾಟಿನಿನ್ ಇರುವ, 35 ವರ್ಷದ, 70 ಕಿಲೋ ತೂಕದ ಗಂಡಸಿಗೆ ಹಾಕಿ ನೋಡಿ: 68 ಬರುತ್ತದೆ. ರಿಪೋರ್ಟ್‌ನಲ್ಲಿ ಒಂದೇ ಸಂಖ್ಯೆ, ಕಿಡ್ನಿಯ ಕೆಲಸ ಎಷ್ಟು ಬೇರೆ, ಅಲ್ವಾ?

ಈ ಲೆಕ್ಕದಲ್ಲಿ ಬಂದ ಸಂಖ್ಯೆ 60ರ ಮೇಲಿದ್ದರೆ ಮಾಮೂಲಿ ಡೋಸ್. 30ರಿಂದ 60ರ ನಡುವೆ ಇದ್ದರೆ ಪ್ರಿಗ್ಯಾಬಾಲಿನ್ ಅರ್ಧಕ್ಕೆ ಇಳಿಯಬೇಕು. 15ರಿಂದ 30 ಇದ್ದರೆ ದಿನಕ್ಕೆ 25ರಿಂದ 50 ಮಿಲಿಗ್ರಾಂನಿಂದ ಶುರು ಮಾಡಬೇಕು. 26 ಇದ್ದ ನಮ್ಮ ಅವ್ವ ಮೊದಲ ದಿನದಿಂದಲೇ 150 ನುಂಗುತ್ತಿದ್ದರು. ಗ್ಯಾಬಾಪೆಂಟಿನ್ ಆದರೆ ಆ ಮಟ್ಟದ ಕಿಡ್ನಿಗೆ ದಿನಕ್ಕೆ 200ರಿಂದ 700, ಒಂದೇ ಹೊತ್ತು. ಡಯಾಲಿಸಿಸ್‌ನಲ್ಲಿರುವವರ ಲೆಕ್ಕ ಬೇರೆ. ಯಂತ್ರ ಔಷಧಿಯನ್ನೂ ಸೋಸುವುದರಿಂದ ಡಯಾಲಿಸಿಸ್ ಆದ ಮೇಲೆ ಕೊಡುವ ಡೋಸ್ ಇರುತ್ತದೆ.

ನೀವು ಹಾಕಿದ ಲೆಕ್ಕ ಡಾಕ್ಟರ ಮುಂದೆ ಇಡಲಿಕ್ಕೆ. ಸುಮ್ನೆ ಮನೆಯಲ್ಲೇ ಗುಳಿಗೆ ನಿಲ್ಲಿಸಬೇಡಿ. ಬಹಳ ದಿನದಿಂದ ತಗೊಂಡದ್ದನ್ನು ಒಮ್ಮೆಲೇ ಬಿಟ್ಟರೆ ನಿದ್ದೆಗೇಡು, ಬೆವರು, ಕಳವಳ, ಕೆಲವರಿಗೆ ಫಿಟ್ಸ್ ಕೂಡ ಬರಬಹುದು. ಕಡಿಮೆ ಅಂದರೂ ಒಂದು ವಾರ ಹಿಡಿದು ಇಳಿಸಬೇಕು. ಎಸ್‌ಆರ್ ಅಂತ ಬರೆದ ಗುಳಿಗೆಯನ್ನು ಡೋಸ್ ತಗ್ಗಿಸಲು ಮುರಿಯಬಾರದು. ನಿಧಾನವಾಗಿ ಬಿಡಬೇಕಾದ ಔಷಧಿ ಒಮ್ಮೆಲೇ ಒಳಗೆ ಇಳಿದುಬಿಡುತ್ತದೆ.

ಇನ್ನೊಂದು ಮಾತು. ನಮ್ಮ ಬಿಸಿಲಿನಲ್ಲಿ ವಾಂತಿ ಭೇದಿ ಆಗಿ ನೀರು ಕಡಿಮೆಯಾದರೆ ಕಿಡ್ನಿ ಕೆಲವೇ ದಿನದಲ್ಲಿ ಇನ್ನಷ್ಟು ಇಳಿಯುತ್ತದೆ. ಮಾರ್ಚ್‌ನಲ್ಲಿ ಸರಿಹೋಗಿದ್ದ ಡೋಸ್ ಮೇನಲ್ಲಿ ಜಾಸ್ತಿ ಆಗಬಹುದು. ಆಗ ಮತ್ತೊಮ್ಮೆ ಕ್ರಿಯಾಟಿನಿನ್ ನೋಡಿಸಿ.

ಮೂರನೆಯದು: ಜೊತೆಗೆ ಏನು ಹೋಗುತ್ತಿದೆ?

ಚೀಲದ ತಳದಲ್ಲಿ ಇನ್ನೊಂದು ಸ್ಟ್ರಿಪ್ ಸಿಕ್ಕಿತು. ಮೊಣಕಾಲು ನೋವಿಗೆ ತಂದ ಟ್ರಾಮಡಾಲ್. ಇದು ಅಫೀಮಿನ ಜಾತಿಯ ನೋವಿನ ಗುಳಿಗೆ. ಟ್ಯಾಪೆಂಟಡಾಲ್, ಕೆಲವು ಕೆಮ್ಮಿನ ಸಿರಪ್‌ನಲ್ಲಿರುವ ಕೋಡಿನ್ ಕೂಡ ಇದೇ ಜಾತಿ. ನಾವು ನಿದ್ದೆಯಲ್ಲಿದ್ದಾಗಲೂ "ಉಸಿರೆಳೆ" ಅಂತ ಹೇಳುವ ಜಾಗ ಮಿದುಳಿನಲ್ಲಿದೆ. ಅದನ್ನು ಈ ಗುಳಿಗೆಗಳು ಮಂದ ಮಾಡುತ್ತವೆ. ಪ್ರಿಗ್ಯಾಬಾಲಿನ್ ಸೇರಿದರೆ ಅದು ಇನ್ನಷ್ಟು ಮಂದ. ಅಮೆರಿಕದ ಔಷಧ ಇಲಾಖೆ 2019ರ ಡಿಸೆಂಬರ್‌ನಲ್ಲಿ ಇದರ ಬಗ್ಗೆ ಎಚ್ಚರಿಕೆ ಹೊರಡಿಸಿತು. ವಯಸ್ಸಾದವರು, ದಮ್ಮಿನಂಥ ಶ್ವಾಸಕೋಶದ ತೊಂದರೆ ಇರುವವರಿಗೆ ಅಪಾಯ ಜಾಸ್ತಿ ಎಂದಿತು.

ಕುಡಿತವೂ ಇದೇ ಕೆಲಸ ಮಾಡುತ್ತದೆ. "ಗುಳಿಗಿ ಮುಂಜಾನಿ ತಗೊಂಡೀನಿ, ಸೇಂದಿ ಸಂಜಿಗಿ" ಅನ್ನುವ ಕಾಕಾಗಳಿದ್ದಾರೆ. ಬೆಳಗಿನ ಗುಳಿಗೆ ಸಂಜೆಗೂ ರಕ್ತದಲ್ಲಿರುತ್ತದೆ, ಕಿಡ್ನಿ ಸೋತಿದ್ದರೆ ಮರುದಿನವೂ ಇರುತ್ತದೆ. ಹಾಗಾಗಿ ಹೊತ್ತು ಬದಲಿಸಿದರೆ ಉಪಯೋಗವಿಲ್ಲ. ಕಲಬೆರಕೆ ಸೇಂದಿಯಲ್ಲಿ ಕ್ಲೋರಲ್ ಹೈಡ್ರೇಟ್ ಬೆರೆತಿದ್ದರೆ ಅದೂ ನಿದ್ದೆ ಬರಿಸುವ ಔಷಧಿಯೇ. ದಿನಾ ಕುಡಿಯುವವರು ಡಾಕ್ಟರಿಗೆ ನಾಚಿಕೆ ಬಿಟ್ಟು ಹೇಳಬೇಕು. ಅವರು ಬೇರೆ ಔಷಧಿ ಆರಿಸುತ್ತಾರೆ.

ರಾತ್ರಿ ಹೀಗಾದರೆ

ಮಲಗಿದವರು ಅಲುಗಾಡಿಸಿದರೂ ಕಣ್ಣು ಬಿಡುತ್ತಿಲ್ಲ, ಗೊರಗೊರ ಗೊರಕೆ, ತುಟಿ ನೀಲಿ. ಗಡಿಯಾರ ಹಿಡಿದು ಎದೆ ಏರುವುದನ್ನು ಒಂದು ನಿಮಿಷ ಎಣಿಸಿ. ದೊಡ್ಡವರಿಗೆ 12ರಿಂದ 20 ಇರಬೇಕು. 10ಕ್ಕಿಂತ ಕೆಳಗೆ ಬಂದರೆ 108ಕ್ಕೆ ಫೋನ್ ಮಾಡಿ. ಎಬ್ಬಿಸಲು ಆಗುತ್ತಿಲ್ಲ ಅಂದರೆ ಎಣಿಸುತ್ತಾ ಕೂರದೆ ಆಗಲೇ ಮಾಡಿ. ಒಂದು ಮಗ್ಗುಲಿಗೆ ಹೊರಳಿಸಿ. ಬಾಯಿಗೆ ನೀರು, ಚಹಾ, ಮಜ್ಜಿಗೆ ಏನೂ ಹಾಕಬೇಡಿ. ಎಲ್ಲ ಸ್ಟ್ರಿಪ್ ಜೊತೆಗೆ ಒಯ್ಯಿರಿ. ಟ್ರಾಮಡಾಲ್‌ನಂಥದ್ದಕ್ಕೆ ನಲಾಕ್ಸೋನ್ ಎಂಬ ಇಂಜೆಕ್ಷನ್ ಇದೆ, ಪ್ರಿಗ್ಯಾಬಾಲಿನ್‌ಗೆ ಅಂಥ ಮದ್ದಿಲ್ಲ. ಒಳಗೆ ಎರಡೂ ಹೋಗಿವೆ ಎಂದು ಆಸ್ಪತ್ರೆಯವರಿಗೆ ಗೊತ್ತಾಗಲೇಬೇಕು.

ಅವ್ವನ ಮಗ ನಮ್ಮ ಅಂಗಡಿಯಿಂದಲೇ ಡಾಕ್ಟರಿಗೆ ಫೋನ್ ಮಾಡಿ 26 ಎಂದ. ಅವರು ಟ್ರಾಮಡಾಲ್ ನಿಲ್ಲಿಸಿದರು. ಮೊಣಕಾಲಿಗೆ ಪ್ಯಾರಾಸಿಟಮಾಲ್ ಹೇಳಿದರು, ಕಿಡ್ನಿಗೆ ಕೆಡುಕಾದ ಡೈಕ್ಲೋಫೆನಾಕ್ ಬೇಡ ಎಂದರು. ಪ್ರಿಗ್ಯಾಬಾಲಿನ್ ಮೊದಲು ರಾತ್ರಿ ಒಂದೇ ಗುಳಿಗೆಗೆ, ವಾರದ ಮೇಲೆ 25 ಮಿಲಿಗ್ರಾಂಗೆ ಇಳಿಯಿತು. ಊಟ ಮಾಡಿ ಗುಳಿಗೆ ನುಂಗಿ ನೇರ ಹಾಸಿಗೆಗೆ, ನಡುರಾತ್ರಿ ಎದ್ದರೆ ಹಾಸಿಗೆ ಅಂಚಿನಲ್ಲಿ ಎರಡು ನಿಮಿಷ ಕೂತು ಆಮೇಲೆ ನಿಲ್ಲುವುದು ಎಂದು ಅವ್ವನಿಗೆ ನಾನು ಹೇಳಿದೆ. ಮೂರು ವಾರದ ಮೇಲೆ ಬಂದಾಗ ಭುಜ ಹಿಡಿಯದೆ ಮೆಟ್ಟಿಲು ಹತ್ತಿದರು. "ಕಾಲ್ ಉರಿ ಜರಾ ಅದ, ಆದ್ರ ತಲಿ ನಿಂತದ ನೋಡಪ್ಪ" ಅಂದರು.