ಮೆಣಸಿನಕಾಯಿ ದರದ ಬಾಕ್ಸ್ ಪ್ಲಾಟ್ ಫೋನಿಗೆ ಬಂದರೆ ಓದುವುದು ಹೇಗೆ?

ಹಾವೇರಿ ಹತ್ತಿರದ ಹಳ್ಳಿಯಲ್ಲಿರುವ ನಮ್ಮ ಅಕ್ಕನ ಮಗ ವಾಟ್ಸ್‌ಆ್ಯಪ್‌ನಲ್ಲಿ ಒಂದು ಸ್ಕ್ರೀನ್‌ಶಾಟ್ ಕಳಿಸಿದ್ದ. ಬ್ಯಾಡಗಿ ಮಾರುಕಟ್ಟೆಯ ಟೆಂಡರ್‌ನಲ್ಲಿ ಲಾಟ್‌ಗಳು, ಅಂದರೆ ಒಟ್ಟಿಗೆ ಮಾರುವ ಚೀಲಗಳ ಗುಂಪುಗಳು, ಹೋದ ದರದ ಚಿತ್ರ. ಮೂರು ಬಗೆಯ ಮೆಣಸಿನಕಾಯಿಗೆ ಮೂರು ಪೆಟ್ಟಿಗೆ: ಡಬ್ಬಿ, ಕಡ್ಡಿ, ಗುಂಟೂರು. ಕೆಳಗೆ ಒಂದೇ ಸಾಲು: "ಮಾಮಾ, ಡಬ್ಬಿನ ಮ್ಯಾಲೈತಲ್ಲ, ಈ ಸಲ ಪೂರಾ ಡಬ್ಬಿನ ಹಚ್ಚಲೇನು?"

ಪೆಟ್ಟಿಗೆ ಮೇಲಿದೆ ಅನ್ನೋದು ನಿಜ. ಆದರೆ ಅಷ್ಟಕ್ಕೇ ಹೊಲ ತಿರುಗಿಸೋದು ಬೇಡ. ಆ ಚಿತ್ರವನ್ನು ನಾನು ಓದಿದ ರೀತಿ ಇಲ್ಲಿದೆ. ಅಂಕಿಗಳನ್ನು ಲೆಕ್ಕ ಸುಲಭವಾಗಲಿ ಅಂತ ದುಂಡು ಮಾಡಿಕೊಂಡಿದ್ದೇನೆ. ಇವನ್ನು ಈ ವಾರದ ದರ ಅಂತ ಯಾರೂ ಹಿಡಿಯಬೇಡಿ.

ಮೊದಲು ಅಳತೆಪಟ್ಟಿ

ಎಡಗಡೆ ಇರುವ ದರದ ಗೆರೆ ನೋಡಿ. ಅಂಕಿಗಳ ನಡುವಿನ ಅಂತರ ಎಲ್ಲಾ ಕಡೆ ಒಂದೇ ಇದೆಯಾ? 10,000ದಿಂದ 20,000ಕ್ಕೆ ಎಷ್ಟು ಜಾಗವೋ 40,000ದಿಂದ 50,000ಕ್ಕೂ ಅಷ್ಟೇ ಜಾಗ ಇರಬೇಕು. ಇಲ್ಲದಿದ್ದರೆ ಮುಂದಿನ ಲೆಕ್ಕ ನಡೆಯೋದಿಲ್ಲ.

ಚಿತ್ರವನ್ನು ಕಂಪ್ಯೂಟರಿನಲ್ಲಿ ಪೇಂಟ್‌ನಲ್ಲಿ ತೆರೆಯಿರಿ. ಮೌಸ್ ಆಡಿಸಿದಂತೆ ಕೆಳಗಿನ ಪಟ್ಟಿಯಲ್ಲಿ ಎರಡು ಅಂಕಿ ಬದಲಾಗುತ್ತವೆ. ಎರಡನೆಯದು, ಅಂದರೆ y, ಮೇಲಿನಿಂದ ಎಷ್ಟು ಪಿಕ್ಸೆಲ್ ಕೆಳಗಿದ್ದೀರಿ ಅನ್ನೋದು. ಕೆಳಗೆ ಹೋದಷ್ಟೂ ಅದು ಜಾಸ್ತಿ ಆಗುತ್ತದೆ, ಇಲ್ಲಿ ಬಹಳ ಜನ ಎಡವುತ್ತಾರೆ. ನಮ್ಮ ಚಿತ್ರದಲ್ಲಿ 10,000ದ ಗೆರೆ 520ರಲ್ಲಿತ್ತು, 50,000ದ ಗೆರೆ 120ರಲ್ಲಿ. ಅಂದರೆ 400 ಪಿಕ್ಸೆಲ್‌ಗೆ 40,000 ರೂಪಾಯಿ, ಒಂದು ಪಿಕ್ಸೆಲ್‌ಗೆ 100.

```
ದರ = 10000 + (520 - y) * 100
```

ಡಬ್ಬಿ ಪೆಟ್ಟಿಗೆಯ ಒಳಗಿನ ಅಡ್ಡಗೆರೆ 260ರಲ್ಲಿತ್ತು. ಲೆಕ್ಕ ಹಾಕಿದರೆ ಕ್ವಿಂಟಲ್‌ಗೆ 36,000. ಆ ಗೆರೆಯೇ ಎರಡು ಮೂರು ಪಿಕ್ಸೆಲ್ ದಪ್ಪ ಇರುತ್ತದೆ, ವಾಟ್ಸ್‌ಆ್ಯಪ್ ಅದನ್ನು ಇನ್ನಷ್ಟು ಮಸುಕು ಮಾಡಿರುತ್ತದೆ. ಹಾಗಾಗಿ 200-300 ರೂಪಾಯಿ ಆಚೀಚೆ ಆಗೋದು ಸಹಜ. 35,870 ಅಂತ ಬರೆದುಕೊಂಡರೆ ನಮಗೆ ನಾವೇ ಮೋಸ ಮಾಡಿಕೊಂಡಂತೆ.

ನಡುಗೆರೆ, ಆಮೇಲೆ ಪೆಟ್ಟಿಗೆಯ ಎತ್ತರ

ಒಳಗಿನ ಅಡ್ಡಗೆರೆ ಮೀಡಿಯನ್, ಅಂದರೆ ಮಧ್ಯಾಂಕ. ಲಾಟ್‌ಗಳನ್ನು ದರದ ಪ್ರಕಾರ ಸಾಲಾಗಿ ನಿಲ್ಲಿಸಿದರೆ ಸರಿಯಾಗಿ ನಡುವೆ ನಿಲ್ಲುವ ಲಾಟ್‌ನ ದರ ಅದು. ಎಕ್ಸೆಲ್‌ನಲ್ಲಿ ಮಾಡಿದ ಚಿತ್ರವಾದರೆ ಒಂದು × ಗುರುತೂ ಇರುತ್ತದೆ. ಅದು ಸರಾಸರಿ, ಅದನ್ನು ಮಧ್ಯಾಂಕ ಅಂತ ಓದಬೇಡಿ. ಪೆಟ್ಟಿಗೆಯ ಕೆಳಗಿನ ಅಂಚಿನಿಂದ ಮೇಲಿನ ಅಂಚಿನವರೆಗೆ ನಡುವಿನ ಅರ್ಧ ಲಾಟ್‌ಗಳು ಬರುತ್ತವೆ. ಆ ಎತ್ತರವೇ ದರದ ಹರಡು.

ಡಬ್ಬಿ ಪೆಟ್ಟಿಗೆ 32,000ದಿಂದ 38,000. ನಡುಗೆರೆ 36,000, ಎತ್ತರ 6,000. ಕಡ್ಡಿ 22,000ದಿಂದ 35,000. ನಡುಗೆರೆ 32,000, ಎತ್ತರ 13,000. ಗುಂಟೂರು 12,000ದಿಂದ 16,000. ನಡುಗೆರೆ 14,000, ಎತ್ತರ 4,000.

ಗುಂಟೂರಿನ ಪೆಟ್ಟಿಗೆ ಎಲ್ಲಕ್ಕಿಂತ ಗಿಡ್ಡ. "ಹಂಗಾರ ಅದರ ರೇಟ್ ಭಾಳ ಅಲ್ಲಾಡಂಗಿಲ್ಲ" ಅಂದ ಅಳಿಯ. ನಿಲ್ಲಪ್ಪ. 14,000ದ ಮಾಲಿನಲ್ಲಿ 4,000 ಅಂದರೆ ನೂರಕ್ಕೆ 29. ಡಬ್ಬಿಯ 36,000ದಲ್ಲಿ 6,000 ಅಂದರೆ ನೂರಕ್ಕೆ 17. ನಡುಗೆರೆಗಳೇ ಇಷ್ಟು ದೂರ ಇದ್ದಾಗ ಬರೀ ಎತ್ತರ ಹೋಲಿಸಿದರೆ ಸಾಲದು, ನಡುಗೆರೆಗೆ ಭಾಗಿಸಿ ನೋಡಬೇಕು. ಆ ಲೆಕ್ಕದಲ್ಲಿ ಡಬ್ಬಿಯೇ ಸ್ಥಿರ. ಕಡ್ಡಿ ನೂರಕ್ಕೆ 41, ಅಲ್ಲಾಟ ಅದರಲ್ಲೇ ಜಾಸ್ತಿ.

ಕಡ್ಡಿ ಪೆಟ್ಟಿಗೆಯ ಬಳಿ ಸ್ವಲ್ಪ ನಿಲ್ಲಬೇಕು. ನಡುಗೆರೆಯ ಕೆಳಗಿನ ಭಾಗ ಉದ್ದ, ಮೇಲಿನದು ಗಿಡ್ಡ. ಉದ್ದ ಇರುವ ಕಡೆ ಲಾಟ್ ಜಾಸ್ತಿ ಅಂತ ಕಣ್ಣು ಹೇಳುತ್ತದೆ. ತಪ್ಪು. ಎರಡೂ ಭಾಗದಲ್ಲಿ ಇರೋದು ಕಾಲು ಭಾಗ ಲಾಟ್‌ಗಳೇ. ಉದ್ದ ಅಂದರೆ ಅಲ್ಲಿ ಲಾಟ್‌ಗಳ ದರ ವಿರಳವಾಗಿ ಚದುರಿದೆ, ಗಿಡ್ಡ ಅಂದರೆ ಒತ್ತೊತ್ತಾಗಿದೆ. ಒಳ್ಳೆಯ ಕಡ್ಡಿಗೆ ಹೆಚ್ಚುಕಡಿಮೆ ಒಂದೇ ದರ ಸಿಕ್ಕಿದೆ, ಕೆಟ್ಟದ್ದು ಒಂದೊಂದೂ ಒಂದೊಂದು ದರಕ್ಕೆ ಹೋಗಿದೆ ಅಂತ ಓದಬಹುದು.

ಡಬ್ಬಿಯ ಮೇಲೆ 50,000ದಲ್ಲಿ ಒಂಟಿ ಚುಕ್ಕಿ ಇತ್ತು. ಅಮೆರಿಕದ ಜಾನ್ ಟ್ಯೂಕಿ ರೂಢಿಗೆ ತಂದ ನಿಯಮದಂತೆ, ಪೆಟ್ಟಿಗೆ ಎತ್ತರದ ಒಂದೂವರೆ ಪಟ್ಟನ್ನು ಮೇಲಂಚಿಗೆ ಕೂಡಿಸಿದರೆ ಬರುವ ಗಡಿಯನ್ನು ದಾಟಿದ್ದು ಚುಕ್ಕಿಯಾಗುತ್ತದೆ. ಇಲ್ಲಿ 38,000ಕ್ಕೆ 9,000 ಸೇರಿ 47,000. ಹಾಗಂತ ಆ ಲಾಟ್ ತಪ್ಪಲ್ಲ, ಸುಮ್ನೆ ದೂರ ನಿಂತಿದೆ ಅಷ್ಟೇ. ಪತ್ರಿಕೆಯಲ್ಲಿ 'ದಾಖಲೆ ದರ' ಅಂತ ಬರೋದು ಸಾಮಾನ್ಯವಾಗಿ ಇಂಥ ಚುಕ್ಕಿಯೇ. ನಿಮ್ಮ ಚೀಲ ನಡುಗೆರೆಯ ಹತ್ತಿರ ಹೋಗುವ ಸಂಭವವೇ ಜಾಸ್ತಿ.

ತೀರ್ಮಾನ ಎಲ್ಲಿ ಸಡಿಲ?

ಡಬ್ಬಿಗೂ ಕಡ್ಡಿಗೂ ನಡುಗೆರೆಯಲ್ಲಿ 4,000 ವ್ಯತ್ಯಾಸ. ಇದು ಗಟ್ಟಿಯಾ, ಆಕಸ್ಮಿಕವಾ? ಪೆಟ್ಟಿಗೆಗಳು 32,000ದಿಂದ 35,000ದವರೆಗೆ ಒಂದರ ಮಗ್ಗುಲಿಗೊಂದು ಬರುತ್ತವೆ, ಆದರೆ ಅದರಿಂದ ಉತ್ತರ ಸಿಗೋದಿಲ್ಲ. ಬೇಕಾಗಿದ್ದು ಲಾಟ್‌ಗಳ ಸಂಖ್ಯೆ, ಅದು ಚಿತ್ರದಲ್ಲಿ ಇರಲೇ ಇಲ್ಲ. ಒಂಬತ್ತು ಲಾಟ್‌ಗೂ ಪೆಟ್ಟಿಗೆ ಇಷ್ಟೇ ನೀಟಾಗಿ ಬರುತ್ತದೆ, ಒಂಬೈನೂರಕ್ಕೂ ಹಾಗೇ.

ಇದಕ್ಕೊಂದು ಅಂದಾಜು ಲೆಕ್ಕ ಇದೆ. ಪೆಟ್ಟಿಗೆಯ ಎತ್ತರವನ್ನು 1.57ರಿಂದ ಗುಣಿಸಿ, ಲಾಟ್ ಸಂಖ್ಯೆಯ ವರ್ಗಮೂಲದಿಂದ ಭಾಗಿಸಿ. ಬಂದದ್ದನ್ನು ನಡುಗೆರೆಯ ಮೇಲೆ ಕೆಳಗೆ ಹಿಡಿಯಿರಿ. ಎರಡು ಗುಂಪಿನ ಈ ಪಟ್ಟಿಗಳು ಒಂದಕ್ಕೊಂದು ತಾಗದಿದ್ದರೆ ವ್ಯತ್ಯಾಸ ಬಹುಶಃ ನಿಜ.

ಎರಡರಲ್ಲೂ 100 ಲಾಟ್ ಅಂದುಕೊಳ್ಳಿ. ಡಬ್ಬಿಗೆ ಸುಮಾರು 900, ಕಡ್ಡಿಗೆ 2,000 ಬರುತ್ತದೆ. ಡಬ್ಬಿಯ ಪಟ್ಟಿ 35,000ದ ಮೇಲೆ, ಕಡ್ಡಿಯದು 34,000ದ ಆಸುಪಾಸಿಗೆ ಮುಗಿಯಿತು. ತಾಗಲಿಲ್ಲ. ಈಗ ಎರಡರಲ್ಲೂ 9 ಲಾಟ್ ಅನ್ನಿ. ಡಬ್ಬಿಗೆ 3,100, ಕಡ್ಡಿಗೆ 6,800. ಡಬ್ಬಿ 33,000ಕ್ಕೆ ಇಳಿಯಿತು, ಕಡ್ಡಿ 39,000ದ ಹತ್ತಿರ ಏರಿತು. ಅದೇ ಚಿತ್ರ, ಅದೇ ಗೆರೆಗಳು, ಆದರೆ ಡಬ್ಬಿ ಮೇಲು ಅನ್ನೋಕೆ ಆಗೋದಿಲ್ಲ. ಗುಂಟೂರು ಕೆಳಗಿದೆ ಅನ್ನೋದು ಮಾತ್ರ ಎರಡೂ ಲೆಕ್ಕದಲ್ಲಿ ನಿಲ್ಲುತ್ತದೆ.

ಇನ್ನೊಂದು ಮಾತು, ಕಡ್ಡಿಯ ಉದ್ದ ಪೆಟ್ಟಿಗೆಯ ವಿಷಯ. ಹೊಸ ಮಾಲು ಮತ್ತು ಕೋಲ್ಡ್ ಸ್ಟೋರೇಜ್‌ನಲ್ಲಿಟ್ಟ ಹಳೇ ಮಾಲು ಒಂದರಲ್ಲೇ ಕೂಡಿದ್ದರೂ ಪೆಟ್ಟಿಗೆ ಹೀಗೇ ಕಾಣಬಹುದು. ಎರಡು ರಾಶಿ, ನಡುವೆ ಖಾಲಿ. ಬಾಕ್ಸ್ ಪ್ಲಾಟ್ ಆ ಖಾಲಿ ಜಾಗವನ್ನು ತೋರಿಸೋದೇ ಇಲ್ಲ. ಹಾಗಿದ್ದರೆ ಮೇಲೆ ನಾನು "ಕೆಟ್ಟದ್ದು ಒಂದೊಂದೂ ಒಂದೊಂದು ದರಕ್ಕೆ" ಅಂದದ್ದೂ ಬಿತ್ತು. ಜೊತೆಗೆ ಎರಡು ಚೀಲದ ಲಾಟ್ ಆಗಲಿ ಅರವತ್ತು ಚೀಲದ ಲಾಟ್ ಆಗಲಿ, ಇಲ್ಲಿ ಒಂದೊಂದು ಲಾಟ್ ಅಂತಲೇ ಲೆಕ್ಕ. ಎಕರೆಗೆ ಎಷ್ಟು ಇಳುವರಿ ಅನ್ನೋದಂತೂ ಚಿತ್ರದಲ್ಲಿ ಇಲ್ಲ, ಅಳಿಯನ ಪ್ರಶ್ನೆಗೆ ಅದು ದರಕ್ಕಿಂತ ಮೊದಲು ಬೇಕು.

ಚಿತ್ರ ಕಳಿಸಿದವರನ್ನು ಎರಡು ಮಾತು ಕೇಳು ಅಂದೆ: ಯಾವುದರಲ್ಲಿ ಎಷ್ಟು ಲಾಟ್, ಹಳೇ ಮಾಲು ಬೇರೆ ಮಾಡಿದ್ದಾರಾ. ಸಂಜೆ ಉತ್ತರ ಬಂತು. "ಡಬ್ಬಿ ಒಂಬತ್ತ ಲಾಟ್ ಅಂತ ಮಾಮಾ. ಹಳೇದು ಹೊಸದು ಎಲ್ಲಾ ಕೂಡೇ ಐತಂತ. ಬ್ಯಾರೆ ಮಾಡಿ ಕಳಸ್ತೀನಿ ಅಂದಾರ."