ಆರ್ಸೆನಿಕ್ ತನ್ನ ಜಾಗಕ್ಕೆ ಹೋಗಬೇಕಾದರೆ ಎರಡು ಮನೆ ಖಾಲಿ ಬಿಡಬೇಕು

ಗೋಡೆಯ ಮೇಲೆ ತೂಗುಹಾಕಿದ ಆವರ್ತ ಕೋಷ್ಟಕದಲ್ಲಿ ಎಲ್ಲ ಮನೆಗಳೂ ತುಂಬಿವೆ. ಅದನ್ನು ತೋರಿಸಿ "ಮೆಂಡಲೀವ್ ಇಲ್ಲಿ ಜಾಗ ಬಿಟ್ಟಿದ್ದರು, ಆಮೇಲೆ ಜರ್ಮೇನಿಯಂ ಸಿಕ್ಕಿತು" ಎಂದರೆ ಪಿಯು ಮಕ್ಕಳು ಬರೆದುಕೊಳ್ಳುತ್ತಾರೆ, ಅಷ್ಟೇ. ಜಾಗವನ್ನು ಅಲ್ಲೇ ಯಾಕೆ ಬಿಟ್ಟರು, ಅಲ್ಲಿ ಬರುವ ಧಾತುವಿನ ತೂಕ ಅವರಿಗೆ ಹೇಗೆ ಗೊತ್ತಾಯಿತು ಅನ್ನುವುದು ಪಠ್ಯದಲ್ಲಿ ಇರುವುದಿಲ್ಲ. ಹಾಗಾಗಿ ನಾನು ತರಗತಿಯಲ್ಲಿ ಆ ಕೋಷ್ಟಕವನ್ನು ಪಕ್ಕಕ್ಕಿಟ್ಟು, 1870ರ ಹೊತ್ತಿಗೆ ಗೊತ್ತಿದ್ದ ಮಾಹಿತಿಯಿಂದ ಮಾತ್ರ ಅದನ್ನು ಮತ್ತೆ ಕಟ್ಟಿಸುತ್ತೇನೆ. ಹೇಗೆ ಮಾಡುತ್ತೇನೆ ಅಂತ ಇಲ್ಲಿ ಬರೆದಿದ್ದೇನೆ.

ಹಳೇ ಲಗ್ನಪತ್ರಿಕೆಗಳ ಹಿಂಬದಿ ಇದಕ್ಕೆ ಚೆನ್ನಾಗಿ ಆಗುತ್ತದೆ, ದಪ್ಪ ಕಾಗದ. ಒಂದೊಂದು ಚೀಟಿಗೆ ಒಂದು ಧಾತು. ಅದರ ಮೇಲೆ ಪರಮಾಣು ತೂಕ, ಸಾಂದ್ರತೆ, ಆಕ್ಸೈಡಿನ ಸೂತ್ರ, ಹೈಡ್ರೋಜನ್ ಜೊತೆ ಕೂಡಿದರೆ ಅದರ ಸೂತ್ರ. ಪರಮಾಣು ಸಂಖ್ಯೆ ಬರೆಯುವ ಹಾಗಿಲ್ಲ, ಆಗ ಅದು ಯಾರಿಗೂ ಗೊತ್ತಿರಲಿಲ್ಲ. 1869ರಲ್ಲಿ ಗೊತ್ತಿದ್ದ ಧಾತುಗಳು 63. ತರಗತಿಗೆ ಅಷ್ಟೂ ಬೇಡ. ಸೋಡಿಯಂನಿಂದ ಅಯೋಡಿನ್‌ವರೆಗಿನ ಪರಿಚಿತ ಧಾತುಗಳಷ್ಟಿದ್ದರೆ ಸಾಕು.

ಮೊದಲು ತೂಕದ ಏರಿಕೆಯಲ್ಲಿ ಜೋಡಿಸಬೇಕು. ಸೋಡಿಯಂ 23, ಮೆಗ್ನೀಸಿಯಂ 24, ಅಲ್ಯೂಮಿನಿಯಂ 27, ಸಿಲಿಕಾನ್ 28, ರಂಜಕ 31, ಗಂಧಕ 32, ಕ್ಲೋರಿನ್ 35.5. ಈ ಸಾಲು ಸಲೀಸು. ಮುಂದೆ ಪೊಟ್ಯಾಸಿಯಂನಿಂದ ನಿಕೆಲ್‌ವರೆಗೆ ಇನ್ನೊಂದು ಸಾಲು. ಆಮೇಲೆ ತಾಮ್ರ 63, ಸತು 65, ಆರ್ಸೆನಿಕ್ 75, ಸೆಲೆನಿಯಂ, ಬ್ರೋಮಿನ್ 80. ಈ ಸಾಲನ್ನು ಸೋಡಿಯಂ ಸಾಲಿನ ಕೆಳಗೆ ಇಡುವಾಗಲೇ ತಕರಾರು ಶುರುವಾಗುತ್ತದೆ.

ಸತುವಿನ ಆಕ್ಸೈಡ್ ZnO, ಅದು MgO ಇರುವ ಮೆಗ್ನೀಸಿಯಂ ಕೆಳಗೆ ಸರಿಯಾಗಿ ಕೂರುತ್ತದೆ. ಮುಂದಿನ ಚೀಟಿ ಆರ್ಸೆನಿಕ್. ಜಾಗ ಬಿಡದೆ ಇಟ್ಟರೆ ಅದು ಅಲ್ಯೂಮಿನಿಯಂ ಕೆಳಗೆ ಬರುತ್ತದೆ. "ಮೇಡಂ, ತೂಕದ ಕ್ರಮ ಸರಿ ಇದೆಯಲ್ಲ, ಸುಮ್ನೆ ಇಟ್ಟುಬಿಟ್ರೆ ಏನಾಗುತ್ತೆ?" ಅಂತ ಯಾರಾದರೂ ಕೇಳೇ ಕೇಳುತ್ತಾರೆ. ಚೀಟಿಯಲ್ಲಿ ಬರೆದ ಸೂತ್ರ ಓದು ಅನ್ನುತ್ತೇನೆ. ಆರ್ಸೆನಿಕ್ AsH3 ಕೊಡುತ್ತದೆ, As2O5 ಕೊಡುತ್ತದೆ. PH3, P2O5 ಕೊಡುವ ರಂಜಕದ ಪಕ್ಕಾ ದಾಯಾದಿ ಅದು. ಅಲ್ಯೂಮಿನಿಯಂಗೂ ಅದಕ್ಕೂ ಸಂಬಂಧವೇ ಇಲ್ಲ. ಆರ್ಸೆನಿಕ್ಕನ್ನು ಅಲ್ಯೂಮಿನಿಯಂ ಕೆಳಗೆ ಇಟ್ಟರೆ ಹಿಂದೆಯೇ ಬರುವ ಸೆಲೆನಿಯಂ ಗಂಧಕದ ಕೆಳಗೆ ಬರುವುದಿಲ್ಲ, ಬ್ರೋಮಿನ್ ಕ್ಲೋರಿನ್ ಕೆಳಗೆ ಬರುವುದಿಲ್ಲ. ಒಂದು ತಪ್ಪಿದರೆ ಸಾಲಿಗೆ ಸಾಲೇ ತಪ್ಪುತ್ತದೆ. ಆರ್ಸೆನಿಕ್ಕನ್ನು ರಂಜಕದ ಕೆಳಗೆ ತಳ್ಳಿದರೆ ಮೂರೂ ಒಟ್ಟಿಗೆ ಸರಿಹೋಗುತ್ತವೆ. ಆಗ ಅಲ್ಯೂಮಿನಿಯಂ ಕೆಳಗೆ ಒಂದು, ಸಿಲಿಕಾನ್ ಕೆಳಗೆ ಒಂದು ಮನೆ ಖಾಲಿ ಉಳಿಯುತ್ತವೆ.

ಅಂದರೆ ಆ ಜಾಗಗಳು ಊಹೆಯಿಂದ ಬಂದದ್ದಲ್ಲ. ಆಗಲೇ ಗೊತ್ತಿದ್ದ ಆರ್ಸೆನಿಕ್‌ನ ಗುಣವೇ ಅವನ್ನು ತೆರೆಸಿತು. ಈ ಮಾತು ನನಗೆ ತುಂಬಾ ಮುಖ್ಯ, ಯಾಕೆಂದರೆ ಜಾಗ ಬಿಡುವುದು ಎಂದರೆ ಗೊತ್ತಿಲ್ಲದ್ದನ್ನು ಹಾಗೇ ಬಿಟ್ಟದ್ದು ಎಂದು ಮಕ್ಕಳು ತಿಳಿದಿರುತ್ತಾರೆ. ಇಂಗ್ಲೆಂಡಿನ ನ್ಯೂಲ್ಯಾಂಡ್ಸ್ 1864ರಲ್ಲೇ ಸಿಲಿಕಾನ್ ಮತ್ತು ತವರದ ನಡುವೆ 73 ತೂಕದ ಒಂದು ಧಾತು ಇರಬೇಕು ಎಂದು ಸೂಚಿಸಿದ್ದರು. ಆದರೆ ಮುಂದಿನ ವರ್ಷದ ಕೋಷ್ಟಕದಲ್ಲಿ ಖಾಲಿ ಮನೆಯೇ ಇಲ್ಲದಂತೆ ಎಲ್ಲವನ್ನೂ ತುಂಬಿದರು. ಕೆಲವು ಮನೆಗಳಲ್ಲಿ ಎರಡೆರಡು ಧಾತು ಸೇರಿಕೊಂಡವು, ಹೊಂದದ ಧಾತುಗಳು ಒಂದೇ ಗುಂಪಿಗೆ ಬಿದ್ದವು.

ಚೀಟಿ ಜೋಡಿಸುವಾಗ ಇನ್ನೊಂದು ಕಡೆ ಎಡವುತ್ತಾರೆ. ಅದು ಇಂಡಿಯಂ. ನಾನು ಬೇಕೆಂದೇ ಅದರ ಚೀಟಿಯಲ್ಲಿ ಆ ಕಾಲದ ತೂಕ 75.6 ಎಂದು ಬರೆದಿರುತ್ತೇನೆ. ಹಾಗಾದರೆ ಅದು ಆರ್ಸೆನಿಕ್ ಮತ್ತು ಸೆಲೆನಿಯಂ ನಡುವೆ ಬರಬೇಕು. ಆದರೆ ಅಲ್ಲಿ ಮನೆ ಇಲ್ಲ. ಮೇಲಿನ ಸಾಲಿನಲ್ಲಿ ರಂಜಕ, ಗಂಧಕ ಒತ್ತೊತ್ತಾಗಿ ಕೂತಿವೆ. ಖಾಲಿ ಇರುವ ಎರಡು ಮನೆಗಳಿಗೆ ಈ ತೂಕ ಜಾಸ್ತಿ. ಹಾಗಾದರೆ ತೂಕದಲ್ಲೇ ಏನೋ ಎಡವಟ್ಟಾಗಿದೆ ಅಲ್ವಾ? ಪ್ರಯೋಗದಲ್ಲಿ ನೇರವಾಗಿ ಸಿಗುತ್ತಿದ್ದದ್ದು ಹೈಡ್ರೋಜನ್ನಿನ ಒಂದು ಭಾಗಕ್ಕೆ ಸಮನಾದ ತೂಕ, ಇಂಡಿಯಂಗೆ ಅದು ಸುಮಾರು 37.8. ಆಕ್ಸೈಡ್ InO ಎಂದುಕೊಂಡರೆ ಎರಡರಿಂದ ಗುಣಿಸಬೇಕು, 75.6 ಬರುತ್ತದೆ. In2O3 ಎಂದುಕೊಂಡರೆ ಮೂರರಿಂದ, 113 ಚಿಲ್ಲರೆ ಬರುತ್ತದೆ. 113ಕ್ಕೆ ಕ್ಯಾಡ್ಮಿಯಂ 112 ಮತ್ತು ತವರ 118ರ ನಡುವೆ, ಅಲ್ಯೂಮಿನಿಯಂ ಗುಂಪಿನಲ್ಲೇ, ಜಾಗ ಕಾದಿದೆ. ಮೆಂಡಲೀವ್ ಹಾಗೇ ತಿದ್ದಿದರು. ಖಾಲಿ ಜಾಗವನ್ನು ನಂಬುವ ಮೊದಲು ಅಕ್ಕಪಕ್ಕದವರ ತೂಕ ಸರಿ ಇದೆಯೇ ಅಂತ ನೋಡಲೇಬೇಕು. ಇಂಡಿಯಂ ತನ್ನ ಮನೆಗೆ ಹೋಗದಿದ್ದರೆ ಮುಂದಿನ ಲೆಕ್ಕವೂ ನಡೆಯುವುದಿಲ್ಲ.

ಈಗ ಲೆಕ್ಕ. ಮೊದಲು ಗೊತ್ತಿರುವ ಧಾತುವಿನ ಮೇಲೆ ಪರೀಕ್ಷೆ ಮಾಡಿಸುತ್ತೇನೆ, ಮೆಂಡಲೀವ್ ಕೊಟ್ಟ ಉದಾಹರಣೆಯೇ ಸೆಲೆನಿಯಂ. ಅದರ ಎಡಕ್ಕೆ ಆರ್ಸೆನಿಕ್ 75, ಬಲಕ್ಕೆ ಬ್ರೋಮಿನ್ 80, ಮೇಲೆ ಗಂಧಕ 32, ಕೆಳಗೆ ಟೆಲ್ಯೂರಿಯಂ 125 ಎಂದು ಅವರು ಹಿಡಿದಿದ್ದರು. ನಾಲ್ಕನ್ನೂ ಕೂಡಿಸಿ ನಾಲ್ಕರಿಂದ ಭಾಗಿಸಿದರೆ 78. ಇವತ್ತಿನ ತೂಕ 79. ಪರವಾಗಿಲ್ಲ, ದಾರಿ ಸರಿಯಾಗಿದೆ.

ಖಾಲಿ ಮನೆಗಳಿಗೆ ಈ ಲೆಕ್ಕ ನೇರವಾಗಿ ಬರುವುದಿಲ್ಲ, ಎರಡೂ ಪಕ್ಕಪಕ್ಕದಲ್ಲಿವೆ. ಹಾಗಾಗಿ ನಾವು ಸತು 65ರಿಂದ ಆರ್ಸೆನಿಕ್ 75ರವರೆಗೆ ಮೂರು ಸಮ ಹೆಜ್ಜೆ ಹಾಕುತ್ತೇವೆ. ಮೊದಲ ಹೆಜ್ಜೆಗೆ 68.3, ಎರಡನೆಯದಕ್ಕೆ 71.7. ಖಾಲಿ ಮನೆಗೆ ಬರಬೇಕಾದ ಧಾತುವನ್ನು ಮೆಂಡಲೀವ್ ಅದರ ಮೇಲಿನ ಧಾತುವಿನ ಹೆಸರಿಗೆ 'ಏಕ' ಸೇರಿಸಿ ಕರೆದರು. 1871ರಲ್ಲಿ ಅವರು ಏಕ-ಅಲ್ಯೂಮಿನಿಯಂಗೆ 68, ಏಕ-ಸಿಲಿಕಾನ್‌ಗೆ 72 ಎಂದು ಬರೆದಿದ್ದರು. ಈ ಎರಡು ಅಂಕಿ ಬೋರ್ಡಿನ ಮೇಲೆ ಬಂದಾಗ ತರಗತಿ ಗಲಗಲ ಅನ್ನುತ್ತದೆ.

ಸಾಂದ್ರತೆಗೆ ಒಂದು ಸುತ್ತು ಹೋಗಬೇಕು. ತೂಕವನ್ನು ಸಾಂದ್ರತೆಯಿಂದ ಭಾಗಿಸಿದರೆ ಪರಮಾಣು ಗಾತ್ರ ಸಿಗುತ್ತದೆ. ಸಿಲಿಕಾನ್‌ಗೆ ಸುಮಾರು 12, ತವರಕ್ಕೆ 16.2, ಸರಾಸರಿ 14.1. ಇದು ಮೇಲಿಂದ ಕೆಳಕ್ಕೆ. ಅಡ್ಡಲಾಗಿ ನೋಡಿದರೆ ಸತುವಿಗೆ 9.1, ಆರ್ಸೆನಿಕ್‌ಗೆ 13.1, ಎರಡನೇ ಹೆಜ್ಜೆಯಲ್ಲಿ 11.8. ಇವೆರಡರ ನಡುವೆ 13. ಈಗ 72ನ್ನು 13ರಿಂದ ಭಾಗಿಸಿದರೆ 5.5. ಮೆಂಡಲೀವ್ ಏಕ-ಸಿಲಿಕಾನ್‌ಗೆ ಕೊಟ್ಟದ್ದೂ ಇದೇ, ಗಾತ್ರ 13, ಸಾಂದ್ರತೆ 5.5. ಅವರು ಇದೇ ಹೆಜ್ಜೆಗಳಲ್ಲಿ ಬಂದರು ಅಂತ ನಾನು ಹೇಳುತ್ತಿಲ್ಲ. ಆದರೆ ಅವರಿಗಿದ್ದ ಮಾಹಿತಿ ಇಷ್ಟಕ್ಕೆ ಸಾಕಾಗುತ್ತಿತ್ತು.

ನನಗೆ ಹೆಚ್ಚು ಇಷ್ಟ ಕ್ಲೋರೈಡಿನ ಲೆಕ್ಕ. SiCl4 ಕುದಿಯುವುದು 57.6 ಡಿಗ್ರಿ ಸೆಲ್ಸಿಯಸ್‌ಗೆ, SnCl4 114ಕ್ಕೆ. ನಡುವೆ 86. ಸಾಂದ್ರತೆ 1.48 ಮತ್ತು 2.23, ನಡುವೆ 1.86. ಮೆಂಡಲೀವ್ ಹೇಳಿದ್ದು, ಕುದಿಯುವುದು 100ಕ್ಕಿಂತ ಸ್ವಲ್ಪ ಕೆಳಗೆ, ಸಾಂದ್ರತೆ 1.9.

1886ರಲ್ಲಿ ಜರ್ಮನಿಯ ಫ್ರೈಬರ್ಗ್‌ನಲ್ಲಿ ಕ್ಲೆಮೆನ್ಸ್ ವಿಂಕ್ಲರ್ ಆರ್ಗೈರೋಡೈಟ್ ಎಂಬ ಬೆಳ್ಳಿಯ ಅದಿರನ್ನು ವಿಶ್ಲೇಷಿಸುತ್ತಿದ್ದರು. ಬೆಳ್ಳಿ, ಗಂಧಕ, ಅಲ್ಪಸ್ವಲ್ಪ ಬೇರೆಯವು ಎಲ್ಲ ಕೂಡಿಸಿದರೂ ನೂರಕ್ಕೆ 93ರ ಆಸುಪಾಸಿನಲ್ಲೇ ನಿಲ್ಲುತ್ತಿತ್ತು. ಎಷ್ಟು ಸಲ ಮಾಡಿದರೂ ಏಳು ಪಾಲು ಕಾಣೆ. ಆ ಕಾಣೆಯಾದ ಧಾತುವಿನ ಸಲ್ಫೈಡ್ ನೀರಿನಲ್ಲಿ ಕರಗುವಂಥದ್ದು, ತೊಳೆಯುವಾಗ ಹರಿದುಹೋಗುತ್ತಿತ್ತು. ಹೈಡ್ರೋಕ್ಲೋರಿಕ್ ಆಮ್ಲವನ್ನು ಧಾರಾಳವಾಗಿ ಹಾಕಿದಾಗ ಅದು ಬಿಳಿ ಗಸಿಯಾಗಿ ಇಳಿಯಿತು. ಅದೇ ಜರ್ಮೇನಿಯಂ. ವಿಂಕ್ಲರ್ ಮೊದಲು ಅದನ್ನು ಆಂಟಿಮನಿ ಗುಂಪಿನ ಖಾಲಿ ಮನೆಗೆ ಹಾಕಿದ್ದರು. ಮೆಂಡಲೀವ್‌ಗೂ ಅದು ತಮ್ಮ ಏಕ-ಸಿಲಿಕಾನ್ ಅಂತ ಕೂಡಲೇ ಅನಿಸಲಿಲ್ಲ. ಅಳತೆಗಳು ಬಂದ ಮೇಲೆ ಅನುಮಾನ ಉಳಿಯಲಿಲ್ಲ. ತೂಕ 72ರ ಮೇಲೆ ಚೂರು, ಸಾಂದ್ರತೆ 5.5ರ ಹತ್ತಿರ, ಕ್ಲೋರೈಡ್ ಕುದಿಯುವುದು 86 ಡಿಗ್ರಿಗೆ, ಅದರ ಸಾಂದ್ರತೆ 1.887.

ಪಕ್ಕದ ಮನೆ 1875ರಲ್ಲೇ ತುಂಬಿತ್ತು. ಫ್ರಾನ್ಸಿನ ಲೆಕಾಕ್ ದ ಬ್ವಾಬೊದ್ರಾನ್ ಸತುವಿನ ಅದಿರಿನಲ್ಲಿ ಗ್ಯಾಲಿಯಂ ಕಂಡರು, ಸಾಂದ್ರತೆ 4.7 ಎಂದರು. ಲೋಹವನ್ನು ಕಣ್ಣಲ್ಲೂ ಕಾಣದ ಮೆಂಡಲೀವ್ 5.9 ಇರಬೇಕು, ಶುದ್ಧ ಮಾಡಿ ಮತ್ತೆ ಅಳೆಯಿರಿ ಎಂದು ತಿಳಿಸಿದರು. ಮತ್ತೆ ಅಳೆದಾಗ 5.9 ಬಂತು. ಈ ಲೆಕ್ಕವನ್ನು ಮಕ್ಕಳೇ ಮಾಡುತ್ತಾರೆ. ಅಲ್ಯೂಮಿನಿಯಂ ಮತ್ತು ಇಂಡಿಯಂ ಗಾತ್ರದ ಸರಾಸರಿ, ಅಡ್ಡ ಸಾಲಿನ ಮೊದಲ ಹೆಜ್ಜೆ, ಎರಡೂ ಸೇರಿ 11.6. 68ನ್ನು ಭಾಗಿಸಿದರೆ 5.9.

ಇದೇ ಉತ್ಸಾಹದಲ್ಲಿ ಕರಗುವ ಬಿಂದುವಿಗೆ ಕೈಹಾಕಿದರೆ ಲೆಕ್ಕ ಕೈಕೊಡುತ್ತದೆ. ಅಲ್ಯೂಮಿನಿಯಂ 660 ಡಿಗ್ರಿಗೆ ಕರಗುತ್ತದೆ, ಇಂಡಿಯಂ 157ಕ್ಕೆ. ನಡುವೆ 408. ಗ್ಯಾಲಿಯಂ ಕರಗುವುದು ಬರೀ 29.8ಕ್ಕೆ, ಅಂಗೈಯಲ್ಲಿಟ್ಟರೆ ನೀರಾಗುತ್ತದೆ. ಸಿಲಿಕಾನ್, ಜರ್ಮೇನಿಯಂ, ತವರದ ಮೂರೂ ಕ್ಲೋರೈಡ್‌ಗಳಲ್ಲಿ ಅಣುವಿನ ಆಕಾರ ಒಂದೇ, ಹಾಗಾಗಿ ಕುದಿಯುವ ಬಿಂದು ಸಮನಾಗಿ ಏರುತ್ತದೆ. ಕರಗುವ ಬಿಂದು ನಿಂತಿರುವುದು ಘನದಲ್ಲಿ ಪರಮಾಣುಗಳು ಹೇಗೆ ಜೋಡಣೆಯಾಗಿವೆ ಎನ್ನುವುದರ ಮೇಲೆ. ಗ್ಯಾಲಿಯಂನ ಘನರಚನೆ ನೆರೆಯವರ ಹಾಗಿಲ್ಲ, ಅದರಲ್ಲಿ ಪರಮಾಣುಗಳು ಜೋಡಿ ಜೋಡಿಯಾಗಿವೆ. ಮೆಂಡಲೀವ್ ಸರಾಸರಿಗೆ ಹೋಗದೆ, ಇದು ಬೇಗ ಕರಗುವ ಲೋಹ ಎಂದಷ್ಟೇ ಹೇಳಿದ್ದರು.

ಇನ್ನೊಂದು ಮಿತಿ ಇದಕ್ಕಿಂತ ದೊಡ್ಡದು. ಸುತ್ತ ನೆರೆಯವರು ಇದ್ದರೆ ಮಾತ್ರ ಖಾಲಿ ಮನೆ ಕಾಣುತ್ತದೆ. ಒಂದು ಇಡೀ ಗುಂಪೇ ಇಲ್ಲದಿದ್ದರೆ ಕೋಷ್ಟಕದಲ್ಲಿ ತೂತೇ ಇರುವುದಿಲ್ಲ. 1894ರಲ್ಲಿ ರ‍್ಯಾಲೆ ಮತ್ತು ರಾಮ್ಸೆ ಆರ್ಗಾನ್ ಕಂಡಾಗ ಆದದ್ದು ಇದೇ. ಚೀಟಿಯ ಮೇಲೆ 40 ಎಂದು ಬರೆದು ಅದನ್ನು ಮಕ್ಕಳ ಕೈಗೆ ಕೊಡುತ್ತೇನೆ. ಪೊಟ್ಯಾಸಿಯಂ 39, ಕ್ಯಾಲ್ಸಿಯಂ 40, ಎಲ್ಲೂ ಸಂದಿಲ್ಲ. ಯಾವುದರ ಜೊತೆಗೂ ಕೂಡದ ಅನಿಲ, ಆಕ್ಸೈಡಿನ ಸೂತ್ರವೂ ಇಲ್ಲ. ಮರುವರ್ಷ 4 ತೂಕದ ಹೀಲಿಯಂ ಸಿಕ್ಕ ಮೇಲೆ ಕ್ಲೋರಿನ್ ಗುಂಪಿನ ಆಚೆ ಹೊಸ ಗುಂಪು ತೆರೆಯಬೇಕಾಯಿತು. ತೆರೆದ ತಕ್ಷಣ ಹೀಲಿಯಂ, ಆರ್ಗಾನ್ ನಡುವೆ ಒಂದು ಖಾಲಿ ಮನೆ ಕಂಡಿತು. ಅಲ್ಲಿ ಸುಮಾರು 20 ತೂಕದ ಅನಿಲ ಇರಬೇಕು ಎಂದು ರಾಮ್ಸೆ 1897ರಲ್ಲಿ ಹೇಳಿದರು. ಮರುವರ್ಷ ಅವರೂ ಟ್ರಾವರ್ಸ್‌ ಅವರೂ ದ್ರವವಾಗಿಸಿದ ಗಾಳಿಯಿಂದ ನಿಯಾನನ್ನು ಬೇರ್ಪಡಿಸಿದರು. ಅದರ ತೂಕ 20.2.