ಒಂದು ಟಿಸಿ, ಎರಡು ಕತೆ: ನನ್ನ ಕಿರುಚಿತ್ರದಲ್ಲಿ ಇಂಟರ್‌ಕಟ್ ಮಾಡಿದ ಬಗೆ

ಚಿತ್ರ ಹದಿನಾಲ್ಕು ನಿಮಿಷದ್ದು. ಕತೆ ನಡೆಯುವುದು ಮದ್ದೂರು ತಾಲ್ಲೂಕಿನ ಒಂದು ಹಳ್ಳಿಯಲ್ಲಿ. ವಿ.ಸಿ. ನಾಲೆಯ ನೀರು ಕೊನೇ ಗದ್ದೆಗಳಿಗೆ ಸರಿಯಾಗಿ ತಲುಪದ ಜಾಗ, ಹಾಗಾಗಿ ಎಲ್ಲರಿಗೂ ಬೋರ್‌ವೆಲ್ಲೇ ಗತಿ. ಆ ಬೋರ್‌ವೆಲ್‌ಗಳಿಗೆ ಕರೆಂಟ್ ಕೊಡುವ ಟ್ರಾನ್ಸ್‌ಫಾರ್ಮರ್, ಅಂದರೆ ನಮ್ಮ ಕಡೆಯ ಮಾತಲ್ಲಿ ಟಿಸಿ, ಸುಟ್ಟು ಮೂರು ದಿನ ಆಗಿದೆ. ಮಡಿಯಲ್ಲಿ ಭತ್ತದ ಸಸಿ ಬಾಡುತ್ತಿದೆ. ಮಗ ಸುಟ್ಟ ಟಿಸಿಯನ್ನು ಟ್ರ್ಯಾಕ್ಟರಿಗೆ ಹಾಕಿಕೊಂಡು, ಬದಲಿ ತರಲು ಮಂಡ್ಯಕ್ಕೆ ಹೋಗಿದ್ದಾನೆ. ಅಪ್ಪ ಗದ್ದೆಯಲ್ಲಿದ್ದಾನೆ. ಒಂದು ಸೀನ್ ಮಗಂದು, ಒಂದು ಸೀನ್ ಅಪ್ಪಂದು, ಹೀಗೇ ಚಿತ್ರ ಸಾಗುತ್ತದೆ.

ಮೊದಲು ಬರೆದ ಸ್ಕ್ರಿಪ್ಟಿನಲ್ಲಿ ಮಗ ಆಫೀಸಿನಲ್ಲಿ ಕಾಯುತ್ತಿದ್ದ, ಅಪ್ಪ ಒಣಗುವ ಸಸಿ ನೋಡುತ್ತಿದ್ದ. ಎರಡೂ ಕಡೆ ಕಷ್ಟ ಇತ್ತು, ಎರಡೂ ಕಡೆ ಕಾಯುವುದಿತ್ತು. ಆದರೆ ಮಗನ ಸೀನ್‌ಗಳನ್ನೆಲ್ಲ ಕಿತ್ತು ಬಿಸಾಕಿದರೂ ಅಪ್ಪನ ಕತೆ ಹಾಗೇ ನಿಲ್ಲುತ್ತಿತ್ತು. ಒಂದು ಕಡೆಯ ಸೀನ್ ಇನ್ನೊಂದು ಕಡೆಗೆ ಏನನ್ನೂ ಮಾಡುತ್ತಿರಲಿಲ್ಲ. ಆ ಮೂರು ದಿನ ಅಪ್ಪ ಸುಮ್ನೆ ಕೂತಿರುವ ರೈತನಲ್ಲ ಅಂತ ಯೋಚಿಸುತ್ತಿದ್ದಾಗ ಒಂದು ವೈರ್ ಸಿಕ್ಕಿತು. ಕಂಬದಿಂದ ಪಂಪ್‌ಹೌಸ್ ಬೋರ್ಡಿಗೆ ಬರುವ ಸರ್ವಿಸ್ ವೈರನ್ನು ಇಲಿ ಕಡಿದಿದೆ. ಕರೆಂಟ್ ಬರುವ ಹೊತ್ತಿಗೆ ಅದನ್ನು ಸರಿ ಮಾಡಿಟ್ಟರೆ ಬಂದ ತಕ್ಷಣ ಮೋಟ್ರು ಓಡುತ್ತದೆ. ಹೇಗೂ ಇನ್ನೆರಡು ದಿನ ಕರೆಂಟ್ ಬರಲ್ಲ ಅಂದುಕೊಂಡು ಅಪ್ಪ ಬರಿಗೈಯಲ್ಲಿ ವೈರ್ ಸುಲಿಯಲು ಕೂರುತ್ತಾನೆ.

ಇಲ್ಲಿಂದ ಇಡೀ ಚಿತ್ರದ ದಿಕ್ಕು ಬದಲಾಯಿತು. ಮಗನಿಗೆ ಸಿಗುವ ಒಂದೊಂದು ಗೆಲುವೂ ಅಪ್ಪನ ಜೀವಕ್ಕೆ ಒಂದೊಂದು ಹೆಜ್ಜೆ ಹತ್ತಿರ ಬರುತ್ತದೆ. ಆಫೀಸಿನಲ್ಲಿ ಬದಲಿ ಟಿಸಿ ಮಂಜೂರಾದಾಗ ಮಗ ಖುಷಿಯಿಂದ ನಗುತ್ತಾನೆ, ನೋಡುವವರಿಗೆ ಹೊಟ್ಟೆಯೊಳಗೆ ಕಸಿವಿಸಿ. ಇದು ಒಂದು ಕಡೆಯಿಂದ ಮಾತ್ರ ನಡೆದರೆ ಸಾಲದು, ತಿರುಗಿ ಆ ಕಡೆಯಿಂದಲೂ ಆಗಬೇಕು. ಅದಕ್ಕೇ ಅಪ್ಪನ ಮೊದಲ ಸೀನ್‌ನಲ್ಲಿ ವೈರ್ ಇಲ್ಲ, ಬಿರುಕುಬಿಟ್ಟ ಮಡಿ ಇದೆ. ಸಸಿಯ ತುದಿ ಹಳದಿಯಾಗಿದೆ. ಇವತ್ತು ರಾತ್ರಿ ನೀರು ಕೊಡದಿದ್ದರೆ ನಾಟಿಗೆ ಏನೂ ಉಳಿಯಲ್ಲ ಅಂತ ನಮಗೆ ಗೊತ್ತಾದ ಮೇಲೆ, ಮಗ ಬರಿಗೈಯಲ್ಲಿ ವಾಪಸ್ ಬರಲಿ ಅಂತಲೂ ನಾವು ಆಸೆಪಡಲು ಆಗಲ್ಲ. ಟಿಸಿ ಬರಲೇಬೇಕು, ಬರಲೂಬಾರದು. ನನಗೆ ಬೇಕಿದ್ದ ಇಕ್ಕಟ್ಟು ಇದೇ.

ಸೀನ್‌ಗಳನ್ನು ಎರಡು ಬಣ್ಣದ ಕಾರ್ಡಿನಲ್ಲಿ ಬರೆದು ಗೋಡೆಗೆ ಅಂಟಿಸಿದ್ದೆ. ಪ್ರತಿ ಕಾರ್ಡಿನ ಕೆಳಗೆ ಒಂದೇ ಒಂದು ಸಾಲು: ಈ ಸೀನ್ ನೋಡಿದ ಮೇಲೆ ಆ ಕಡೆಯವರ ಬಗ್ಗೆ ನಮಗೆ ಹೊಸದಾಗಿ ಏನು ಭಯ? ಆ ಸಾಲು ಬರೆಯಲು ಆಗದ ಕಾರ್ಡನ್ನು ತೆಗೆದುಬಿಡುತ್ತಿದ್ದೆ. ಹಾಗೆ ಹೋಗಿದ್ದು ಮಗ ಮಂಡ್ಯದ ಹೋಟೆಲಲ್ಲಿ ಟೀ ಕುಡಿಯುವ ಸೀನ್. ಮಾತು ಚೆನ್ನಾಗಿತ್ತು, ನಟನೆ ಚೆನ್ನಾಗಿತ್ತು, ಆದರೆ ಅದನ್ನು ನೋಡಿದ ಮೇಲೆ ಗದ್ದೆಗೆ ಹೋದರೆ ಗದ್ದೆ ಮೊದಲಿನಷ್ಟೇ ಇತ್ತು. ಟ್ರ್ಯಾಕ್ಟರ್ ಸೀನ್ ಮಾತ್ರ ಉಳಿಯಿತು. ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ರಸ್ತೆಗೆ 2023ರ ಆಗಸ್ಟ್‌ನಿಂದ ಟ್ರ್ಯಾಕ್ಟರ್ ಬಿಡಲ್ಲ, ಸರ್ವಿಸ್ ರಸ್ತೆಯಲ್ಲೇ ಬರಬೇಕು. ಪಕ್ಕದಲ್ಲಿ ಕಾರುಗಳು ಸುಯ್ ಅಂತ ಹೋಗುತ್ತಿರುತ್ತವೆ, ನಮ್ಮ ಹುಡುಗ ಕುಲುಕಾಡುತ್ತಾ ನಿಧಾನಕ್ಕೆ ಬರುತ್ತಾನೆ. ಅವನಿಗೆ ಅವಸರ. ಅವನು ನಿಧಾನವಾದಷ್ಟೂ ಅಪ್ಪನಿಗೆ ಕೆಲಸ ಮುಗಿಸಲು ಸಮಯ ಸಿಗುತ್ತದೆ ಅಂತ ನಾವು ಒಳಗೊಳಗೇ ಲೆಕ್ಕ ಹಾಕುತ್ತೇವೆ.

ಇಂಥ ಕತೆಯಲ್ಲಿ ಜಾಸ್ತಿ ಕೆಲಸ ಕೊಡುವುದು ತಪ್ಪಿಸಿಕೊಳ್ಳುವ ದಾರಿಗಳು. ನೋಡುವವರು ಬುದ್ಧಿವಂತರು, ಅದರಲ್ಲೂ ಮಂಡ್ಯದ ರೈತರಿಗೆ ಮೋಟ್ರಿನ ವಿಷಯ ಹೇಳಿಕೊಡಬೇಕಾಗಿಲ್ಲ. ಒರಟಾಗಿ ಜೋಡಿಸಿದ ಎಡಿಟ್ ನೋಡಿದ ಹಿರಿಯರೊಬ್ಬರು ಮೊದಲು ಕೇಳಿದ್ದೇ, "ಮೇನ್ ತೆಗೆದು ಕೆಲ್ಸ ಮಾಡಿದ್ರೆ ಆಯ್ತಪ್ಪ, ಅವ್ನಿಗೇನಾಯ್ತದೆ?" ವೈರ್ ಕಡಿದಿರುವುದು ಮೇನ್ ಸ್ವಿಚ್ಚಿಗಿಂತ ಹಿಂದೆ, ಕಂಬದ ಕಡೆಯಲ್ಲಿ. ಮೇನ್ ತೆಗೆದರೂ ಅಲ್ಲಿಗೆ ಕರೆಂಟ್ ಬರುತ್ತದೆ. ಇದು ಸ್ಕ್ರಿಪ್ಟಿನಲ್ಲಿ ಇತ್ತು, ಆದರೆ ಪರದೆಯ ಮೇಲೆ ಕಾಣಬೇಕಲ್ವಾ? ಅದಕ್ಕೆ ಒಂದು ಶಾಟ್ ಸೇರಿಸಿದೆವು. ಅಪ್ಪ ಫ್ಯೂಸ್ ಕಿತ್ತು ಜೇಬಿಗೆ ಹಾಕಿಕೊಳ್ಳುತ್ತಾನೆ. ಕ್ಯಾಮೆರಾ ಬೋರ್ಡಿನಿಂದ ವೈರ್ ಹಿಡಿದು ಹಿಂದಕ್ಕೆ ಹೋಗುತ್ತದೆ, ಇಲಿ ಕಡಿದ ಜಾಗ ದಾಟುತ್ತದೆ, ಕಂಬ ಹತ್ತುತ್ತದೆ, ತಂತಿ ಹಿಡಿದು ಕಬ್ಬಿನ ಗದ್ದೆಯ ಮೇಲೆ ಟಿಸಿ ಕಟ್ಟೆಯ ಕಡೆ ನೋಡುತ್ತದೆ. ಕಟ್ ಇಲ್ಲ, ಒಂದೇ ಶಾಟ್. ಎರಡು ಜಾಗಕ್ಕೂ ಸಂಬಂಧ ಏನು ಅನ್ನುವುದು ಈ ಶಾಟ್‌ನಲ್ಲಿ ಗೊತ್ತಾಗುತ್ತದೆ. ಎರಡು ಕಡೆ ನಡೆಯುವುದನ್ನು ವೇಗವಾಗಿ ಕಟ್ ಮಾಡುವ ಮೊದಲೇ ಇದು ಬರಬೇಕು. ಆಮೇಲೆ ವಿವರಿಸಲು ಹೋದರೆ ಬಿಗಿ ಸಡಿಲವಾಗುತ್ತದೆ.

ಉಳಿದ ದಾರಿಗಳನ್ನೂ ಹೀಗೇ ಮುಚ್ಚಿದೆ. ಅಪ್ಪನಿಗೆ ಟಿಸಿ ಬಂದಿದ್ದು ಯಾಕೆ ಕಾಣಲ್ಲ? ಆಳೆತ್ತರದ ಕಬ್ಬು ಅಡ್ಡ ಇದೆ. ಮಗನಿಗೆ ಅಪ್ಪ ಗದ್ದೆಯಲ್ಲಿರುವುದು ಯಾಕೆ ಗೊತ್ತಿಲ್ಲ? ದಾರಿಯಲ್ಲಿ ಫೋನ್ ಮಾಡಿದಾಗ ಅಮ್ಮ "ಅಪ್ಪ ಹಟ್ಟಿ ತಾವ ಅವ್ರೆ" ಅನ್ನುತ್ತಾಳೆ, ಅವಳು ಹಾಗೇ ತಿಳಿದಿದ್ದಾಳೆ. ಅಪ್ಪನ ಫೋನ್ ಎಲ್ಲಿ? ಬದುವಿನ ಮೇಲಿಟ್ಟ ಬಟ್ಟೆ ಚೀಲದಲ್ಲಿ.

ಇನ್ನೊಂದು ವಿಷಯ ಸಮಯ. ಮಗನ ಸೀನ್ ಒಂದು ನಿಮಿಷ ನಡೆದರೆ ಆ ಒಂದು ನಿಮಿಷ ಅಪ್ಪನಿಗೂ ಕಳೆದಿರಬೇಕು. ವೈರ್ ಸುಲಿಯಲು ಶುರು ಮಾಡಿದಾಗ ಅವನನ್ನು ಬಿಟ್ಟು ಹೋಗಿ, ವಾಪಸ್ ಬಂದಾಗ ಅದೇ ಭಂಗಿಯಲ್ಲಿದ್ದರೆ, ಅವನು ನಮಗೋಸ್ಕರ ಕಾಯುತ್ತಿದ್ದ ಅನ್ನಿಸುತ್ತದೆ. ಆಗ ಭಯ ಹೋಯಿತು. ಹಾಗಾಗಿ ಪ್ರತಿ ಸಲ ಬಿಟ್ಟಿದ್ದಕ್ಕಿಂತ ಸ್ವಲ್ಪ ಮುಂದೆ ಹೋಗಿ ಅವನನ್ನು ಹಿಡಿದೆ. ಬಿಟ್ಟಾಗ ಒಂದು ವೈರ್ ಸುಲಿಯುತ್ತಿದ್ದ, ಬಂದಾಗ ಎರಡು ಸುಲಿದಾಗಿದೆ, ತಾಮ್ರ ಹೊಳೆಯುತ್ತಿದೆ. ಮಧ್ಯದ್ದನ್ನು ನೋಡುವವರೇ ತುಂಬಿಕೊಳ್ಳುತ್ತಾರೆ.

ಆಕಾಶ ಕೂಡ ಇದೇ ಲೆಕ್ಕಕ್ಕೆ ಸೇರುತ್ತದೆ. ಕತೆ ಒಂದೇ ಸಂಜೆಯದ್ದು, ಶೂಟ್ ಬೇರೆ ಬೇರೆ ಸಂಜೆಗಳದ್ದು. ಹೊತ್ತು ಮುಳುಗಿದ ಮೇಲೆ ಬೇಕಾದ ನೀಲಿ ಬೆಳಕು ನಮ್ಮ ಕಡೆ ಇಪ್ಪತ್ತು ನಿಮಿಷ ಸಿಕ್ಕರೆ ಹೆಚ್ಚು. ಹಾಗಾಗಿ ಸೀನ್ ಪಟ್ಟಿಯಲ್ಲಿ ಆಕಾಶಕ್ಕೇ ಒಂದು ಕಾಲಂ ಇಟ್ಟಿದ್ದೆ: ಕೆಂಪು, ನೀಲಿ, ಕಪ್ಪು. ಎರಡೂ ಕತೆಯ ಸೀನ್‌ಗಳನ್ನು ಎಡಿಟ್ ಆದ ಕ್ರಮದಲ್ಲಿ ಬರೆದು, ಬಣ್ಣ ಎಲ್ಲೂ ಹಿಂದಕ್ಕೆ ಹೋಗದಂತೆ ನೋಡಿಕೊಂಡೆವು. ಅಪ್ಪನ ಕಡೆ ಕಪ್ಪಾದ ಮೇಲೆ ಮಗನ ಕಡೆ ನೀಲಿ ಬಂದರೆ ಇಬ್ಬರೂ ಒಂದೇ ಗಳಿಗೆಯಲ್ಲಿಲ್ಲ ಅಂತ ಕಣ್ಣಿಗೆ ಗೊತ್ತಾಗಿಬಿಡುತ್ತದೆ. ಎಡಿಟ್‌ನಲ್ಲಿ ಸೀನ್ ಹಿಂದೆ ಮುಂದೆ ಮಾಡುವ ಆಸೆ ಬಂದೇ ಬರುತ್ತದೆ, ಆಗ ಆಕಾಶ ಕಾಣದ ಹತ್ತಿರದ ಶಾಟ್‌ಗಳು ಕೈಹಿಡಿಯುತ್ತವೆ. ಕೈ, ಇಕ್ಕಳ, ಟ್ರ್ಯಾಕ್ಟರ್ ಸ್ಟೇರಿಂಗ್, ಇಂಥವನ್ನು ಎರಡೂ ಕಡೆ ಧಾರಾಳವಾಗಿ ತೆಗೆದಿಟ್ಟಿದ್ದೆವು. ಶೂಟ್‌ಗೆ ಬಳಸಿದ ವೈರಿಗೆ ಯಾವ ಲೈನಿನ ಸಂಪರ್ಕವೂ ಇರಲಿಲ್ಲ, ಎಲೆಕ್ಟ್ರಿಷಿಯನ್ ಒಬ್ಬರು ಉದ್ದಕ್ಕೂ ಜೊತೆಗಿದ್ದರು.

ಎಲ್ಲಿ ಬಿಡಬೇಕು ಅನ್ನುವುದು ಕೊನೇ ಮೂರು ನಿಮಿಷಕ್ಕೆ ಬಹಳ ಮುಖ್ಯವಾಯಿತು. ಕೆಲಸ ಮುಗಿದ ಮೇಲೆ ಕಟ್ ಮಾಡಿದರೆ ನೋಡುವವರು ಉಸಿರು ಬಿಡುತ್ತಾರೆ. ಕೆಲಸ ಶುರುವಾಗಿ ಮುಗಿಯುವ ಮೊದಲೇ ಬಿಟ್ಟರೆ ಆ ಚಿಂತೆಯನ್ನು ಹೊತ್ತುಕೊಂಡೇ ಮುಂದಿನ ಸೀನ್ ನೋಡುತ್ತಾರೆ. ಟಿಸಿ ಕಟ್ಟೆಗೆ ಎತ್ತಿ ಕೂರಿಸಿದ್ದಾರೆ, ಲೈನ್‌ಮ್ಯಾನ್ ಜಂಪರ್ ಕಟ್ಟಿ ಇಳಿದಿದ್ದಾನೆ. ಸ್ವಿಚ್ಚಿನ ಹಿಡಿಗೆ ಕೈ ಹಾಕುವ ಮೊದಲು ಕೇಳುತ್ತಾನೆ, "ಲೈನ್ ಮ್ಯಾಲೆ ಯಾರೂ ಇಲ್ಲ ತಾನೆ?" ಇಲ್ಲಿ ಕಟ್. ಅಪ್ಪ ಎರಡು ತಾಮ್ರದ ತುದಿಗಳನ್ನು ಬೆರಳಲ್ಲಿ ಹಿಡಿದು ಹುರಿ ಮಾಡುತ್ತಿದ್ದಾನೆ. ಮತ್ತೆ ಕಟ್. ಮಗ ಹೇಳುತ್ತಾನೆ, "ಯಾರೂ ಇಲ್ಲ ಕಣಣ್ಣ, ಹಾಕಿ." ಪ್ರಶ್ನೆಗೂ ಉತ್ತರಕ್ಕೂ ನಡುವೆ ಅಪ್ಪನ ಆ ಒಂದು ಶಾಟ್ ನಾಲ್ಕು ಸೆಕೆಂಡ್ ಇದೆ. ಎರಡಕ್ಕೆ ಇಳಿಸಿದರೆ ಬರೀ ಮಾಹಿತಿಯಾಗುತ್ತಿತ್ತು, ಆರು ಮಾಡಿದರೆ ಲೈನ್‌ಮ್ಯಾನ್ ಉತ್ತರಕ್ಕೆ ಸುಮ್ನೆ ನಿಂತಿದ್ದಾನೆ ಅನ್ನಿಸುತ್ತಿತ್ತು.

ಅಷ್ಟರಲ್ಲಿ ಮಗ ಅಪ್ಪನಿಗೆ ಫೋನ್ ಮಾಡುತ್ತಾನೆ. ಎಚ್ಚರಿಸಲು ಅಲ್ಲ, ಅವನಿಗೆ ಅಪಾಯ ಗೊತ್ತೇ ಇಲ್ಲ. ಕರೆಂಟ್ ಬಂತು ಅಂತ ಎಲ್ಲರಿಗಿಂತ ಮೊದಲು ಅಪ್ಪನಿಗೆ ಹೇಳಬೇಕು, ಅಷ್ಟೇ. ಮಗನ ಕಿವಿಯಲ್ಲಿ ರಿಂಗ್ ಹೋಗುವ ಶಬ್ದ, ಅದರ ಮೇಲೆಯೇ ಕಟ್, ಬದುವಿನ ಮೇಲಿನ ಚೀಲದಲ್ಲಿ ಫೋನ್ ಹಾಡುತ್ತದೆ. ಇಲ್ಲಿಯವರೆಗೆ ಎರಡೂ ಕಡೆಗೆ ಬೇರೆ ಬೇರೆ ಶಬ್ದ ಇಟ್ಟಿದ್ದೆ, ಒಂದು ಕಡೆ ಎಂಜಿನ್, ಜನರ ಮಾತು, ಇನ್ನೊಂದು ಕಡೆ ಹುಳುಗಳ ಸದ್ದು ಬಿಟ್ಟರೆ ಏನಿಲ್ಲ. ಮೊದಲ ಸಲ ಒಂದು ಕಡೆಯ ಶಬ್ದ ಇನ್ನೊಂದು ಕಡೆಗೆ ದಾಟುವುದು ಈ ರಿಂಗ್‌ನಲ್ಲೇ. ಅದಕ್ಕಾಗಿ ಚಿತ್ರದಲ್ಲಿ ಎಲ್ಲೂ ಹಿನ್ನೆಲೆ ಸಂಗೀತ ಹಾಕಲಿಲ್ಲ. ಎಡಿಟರ್‌ಗೆ ಒಂದು ಡ್ರಮ್ ಟ್ರ್ಯಾಕ್ ಇಷ್ಟವಾಗಿತ್ತು. ಆದರೆ ಒಂದೇ ಸಂಗೀತ ಎರಡೂ ಕತೆಯ ಮೇಲೆ ಹರಿದರೆ ಮಗನ ಸೀನ್ ಕೂಡ ಹೆದರಿಸಲು ಶುರು ಮಾಡುತ್ತದೆ. ಮಗನ ಸೀನ್ ಖುಷಿಯಾಗಿಯೇ ಇರಬೇಕಿತ್ತು.

ಮೊದಲ ಸಲ ರಿಂಗ್ ಆದಾಗ ಅಪ್ಪ ತಿರುಗಿಯೂ ನೋಡಲ್ಲ. ಎರಡನೇ ಸಲವೂ ಇಲ್ಲ. ಮೂರನೇ ಸಲ ಬೇಜಾರಾಗಿ, "ಏನ್ಲಾ ಇವ್ನು" ಅಂತ ವೈರ್ ಕೆಳಗೆ ಬಿಟ್ಟು ಏಳುತ್ತಾನೆ. ಇದನ್ನು ಕಟ್ ಮಾಡದೆ ದೂರದಿಂದ ತೋರಿಸಿದೆ, ಅಲ್ಲಿಯವರೆಗೆ ಶಾಟ್‌ಗಳು ಎರಡು ಮೂರು ಸೆಕೆಂಡಿಗೆ ಬದಲಾಗುತ್ತಿದ್ದವು, ಇದೊಂದು ಇಪ್ಪತ್ತು ಸೆಕೆಂಡ್ ನಿಲ್ಲುತ್ತದೆ. ಅಪ್ಪ ಬದುವಿನ ಕಡೆ ನಡೆಯುತ್ತಿದ್ದಾನೆ, ಅವನ ಹಿಂದೆ ನೆಲದಲ್ಲಿ ಬಿದ್ದ ವೈರಿನ ತುದಿಯಲ್ಲಿ ಚಟ್ ಅಂತ ಕಿಡಿ. ಅವನು ನೋಡಲ್ಲ. ಹಿಂದೆ ಎಲ್ಲೋ ಪಕ್ಕದ ಗದ್ದೆಯ ಪಂಪ್‌ಹೌಸಿನಲ್ಲಿ ಮೂರು ಫೇಸಿನ ಮೂರು ಬಲ್ಬ್ ಹೊತ್ತಿಕೊಳ್ಳುತ್ತವೆ, ಆಟೋ ಸ್ವಿಚ್ ಹಾಕಿಟ್ಟಿದ್ದ ಮೋಟ್ರು ತಾನಾಗೇ ಗುರ್ ಅನ್ನುತ್ತದೆ.

ಕಿಡಿಯ ಹತ್ತಿರದ ಶಾಟ್ ಕೂಡ ತೆಗೆದಿದ್ದೆವು, ಚೆನ್ನಾಗಿಯೂ ಬಂದಿತ್ತು. ಬಳಸಲಿಲ್ಲ. ಹತ್ತಿರ ಹೋದರೆ ಅಪ್ಪ ಚೌಕಟ್ಟಿನಿಂದ ಹೊರಗೆ ಹೋಗುತ್ತಾನೆ. ಅವನೂ ಕಿಡಿಯೂ ಒಂದೇ ಚೌಕಟ್ಟಿನಲ್ಲಿದ್ದು, ನಡುವೆ ನಾಲ್ಕು ಹೆಜ್ಜೆ ಕಾಣಬೇಕಿತ್ತು. ಅದಾದ ಮೇಲೆ ಮಗನ ಕಡೆಗೆ ಮತ್ತೆ ಹೋಗಲೇ ಇಲ್ಲ. ಅಪ್ಪ ಫೋನ್ ಎತ್ತುತ್ತಾನೆ, ಮಗನ ದನಿ ಅದರೊಳಗಿಂದಲೇ ಕೇಳುತ್ತದೆ, "ಅಪ್ಪ, ಕರೆಂಟ್ ಬಂತು ಕಣಪ್ಪ, ಮೋಟ್ರು ಹಾಕು ಹೋಗು." ಅಪ್ಪ ಜೇಬಿನಿಂದ ಫ್ಯೂಸ್ ತೆಗೆದು ನೋಡಿಕೊಂಡು, "ವೈರೊಂದು ಬಾಕಿ ಅದೆ, ಲೈನ್‌ಮ್ಯಾನ್‌ನ ಇತ್ಲಾಗೆ ಕರ್ಕೊ ಬಾ" ಅನ್ನುತ್ತಾನೆ. ಟೈಟಲ್ ಅಲ್ಲಿಗೇ ಹಾಕಿದೆ.